ಫೋಟೊ ಹಿಂದಿನ ಸಾಲು

ಕೇಳುಗರಿಗೆಲ್ಲ ನಮಸ್ಕಾರ.

ಸಕಲೇಶಪುರದ ಕಡೆ ಒಂದು ತೋಟದ ಮನೆ ಇದೆ ಅಂದುಕೊಳ್ಳಿ. ಅದನ್ನು ಹೋಂಸ್ಟೇ ಮಾಡಿದ್ದಾರೆ. ವೆಬ್‌ಸೈಟೂ ಇದೆ, ಮೊದಲ ಪುಟದಲ್ಲೇ ಮನೆಯ ದೊಡ್ಡ ಫೋಟೊ. ಕಣ್ಣು ಕಾಣದ ಒಬ್ಬರು ಹಾಸನದಲ್ಲಿ ಕೂತು ಆ ಪುಟ ತೆರೆಯುತ್ತಾರೆ. ಅವರ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ, ಪರದೆ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಕಂಪ್ಯೂಟರಿನಲ್ಲಾದರೆ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ಫೋಟೊ ಹತ್ತಿರ ಬಂದಾಗ ಏನು ಕೇಳಿಸುತ್ತದೆ? ಎಷ್ಟೋ ಸಲ ಬರೀ ಐ, ಎಂ, ಜಿ, ಆಮೇಲೆ ಒಂದಷ್ಟು ಅಂಕಿಗಳು. ಕ್ಯಾಮೆರಾ ತಾನೇ ಇಟ್ಟ ಫೈಲಿನ ಹೆಸರು ಅದು.

ಹೀಗಾಗಲು ಕಾರಣ, ಫೋಟೊ ಹಾಕುವಾಗ ‘ಆಲ್ಟ್ ಟೆಕ್ಸ್ಟ್’ ತುಂಬದೇ ಇರುವುದು. ಫೋಟೊದಲ್ಲಿ ಏನಿದೆ ಎಂದು ಹೇಳುವ ಸಾಲು ಇದು. ಪುಟದ ಮೇಲೆ ಸಾಮಾನ್ಯವಾಗಿ ಕಾಣುವುದಿಲ್ಲ, ಹಿಂದೆ ಇರುತ್ತದೆ. ಓದುವ ತಂತ್ರಾಂಶ ಇದನ್ನೇ ಓದುತ್ತದೆ. ಫೋಟೊ ಹುಡುಕಿಕೊಡುವ ಗೂಗಲ್ ಕೂಡ ಇದನ್ನು ನೋಡುತ್ತದೆ.

ಗೂಗಲ್ ನೋಡುತ್ತದೆ ಅಂತ ಗೊತ್ತಾದ ಕೂಡಲೇ ಕೆಲವರು ಏನು ಮಾಡುತ್ತಾರೆ ಗೊತ್ತಾ? ‘ಸಕಲೇಶಪುರ ಹೋಂಸ್ಟೇ, ಹಾಸನ ಹೋಂಸ್ಟೇ, ಮಲೆನಾಡು ಹೋಂಸ್ಟೇ, ಕಡಿಮೆ ದರದ ಹೋಂಸ್ಟೇ’ ಅಂತ ತುರುಕುತ್ತಾರೆ. ಕೇಳುವವರಿಗೆ ಮನೆ ಹೇಗಿದೆ ಅಂತ ಕೊನೆಗೂ ಗೊತ್ತಾಗುವುದಿಲ್ಲ, ಕಿವಿಗೆ ಬರೀ ಜಾಹೀರಾತು. ಹುಡುಕಾಟಕ್ಕೂ ಇದು ಒಳ್ಳೆಯದಲ್ಲ. ಹೀಗೆ ಪದ ತುಂಬಿದರೆ ಸೈಟನ್ನು ಸ್ಪ್ಯಾಮ್ ಎಂದು ನೋಡಬಹುದು ಅಂತ ಗೂಗಲ್ಲೇ ಎಚ್ಚರಿಸುತ್ತದೆ.

ಹಾಗಾದರೆ ಏನು ಬರೆಯಬೇಕು? ನಾನಾದರೆ ಹೀಗೆ ಬರೆಯುತ್ತೇನೆ: ‘ಕಾಫಿ ತೋಟದ ನಡುವೆ ಹೆಂಚಿನ ಮನೆ, ಮುಂದೆ ಉದ್ದನೆಯ ಜಗಲಿ, ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು.’ ಇಷ್ಟೇ. ‘ಇದು ಒಂದು ಚಿತ್ರ’ ಅಂತ ಶುರು ಮಾಡಬೇಕಿಲ್ಲ, ಚಿತ್ರ ಅನ್ನುವುದನ್ನು ತಂತ್ರಾಂಶವೇ ಹೇಳುತ್ತದೆ. ಮೆಟ್ಟಿಲು ಯಾಕೆ ಬಂತು? ರೂಮು ಬುಕ್ ಮಾಡುವ ಪುಟ ಅಲ್ವಾ, ಬರುವವರಿಗೆ ಅದು ಬೇಕು. ಇದೇ ಫೋಟೊವನ್ನು ಹಳೇ ಮನೆಗಳ ಬಗ್ಗೆ ಬರೆದ ಲೇಖನಕ್ಕೆ ಹಾಕಿದರೆ ಮೆಟ್ಟಿಲು ಬಿಟ್ಟು, ಹೆಂಚು ಯಾವ ಥರದ್ದು, ಕಂಬ ಮರದ್ದೋ ಕಲ್ಲಿನದ್ದೋ ಅಂತ ಬರೆಯುತ್ತೇನೆ. ಫೋಟೊ ಒಂದೇ, ಅದು ಇರುವ ಜಾಗ ಬೇರೆ, ಅದಕ್ಕೆ ಸಾಲೂ ಬೇರೆ.

‘ಹೆಂಚಿನ ಮನೆ, ಜಗಲಿ’ ಅಂತ ಹುಡುಕುವವರಿಗೂ ಈ ಸಾಲಿನಿಂದಲೇ ಫೋಟೊ ಸಿಗುವ ಸಾಧ್ಯತೆ ಇದೆ. ಸಿಕ್ಕೇ ಸಿಗುತ್ತದೆ ಅಂತಲ್ಲ. ಫೋಟೊದಲ್ಲಿ ಮನೆ, ಮರ ಇರುವುದನ್ನು ಗೂಗಲ್ ಯಂತ್ರ ತಾನೇ ಗುರುತಿಸುತ್ತದೆ, ಪುಟದ ಉಳಿದ ಬರಹವನ್ನೂ ನೋಡುತ್ತದೆ. ಆಲ್ಟ್ ಸಾಲು ಅದಕ್ಕೆ ಜೊತೆಯಾಗುತ್ತದೆ. ಹಾಗಾಗಿ ಊರಿನ ಹೆಸರು, ದಾರಿ, ಬಾಡಿಗೆ ಎಲ್ಲ ಪುಟದ ಬರಹದಲ್ಲೇ ಇರಲಿ.

ಅದೇ ಸೈಟಿನಲ್ಲಿ ಊಟದ ಪಟ್ಟಿಯೂ ಫೋಟೊ ಆಗಿರುತ್ತದೆ. ಅದಕ್ಕೆ ‘ಮೆನು’ ಅಂತ ಮಾತ್ರ ಬರೆದರೆ ಅಕ್ಕಿ ರೊಟ್ಟಿ ಇದೆಯೋ ಕಡುಬು ಇದೆಯೋ ಹೇಗೆ ಗೊತ್ತಾಗಬೇಕು? ಇಡೀ ಪಟ್ಟಿಯನ್ನು ಆಲ್ಟ್ ಸಾಲಿಗೆ ಸುರಿದರೂ ತೊಂದರೆ, ಒಂದೇ ಉಸಿರಿಗೆ ಓದಿಬಿಡುತ್ತದೆ. ಪಟ್ಟಿಯನ್ನು ಪುಟದಲ್ಲೇ ಟೈಪ್ ಮಾಡಿ. ವಾಟ್ಸಾಪ್ ಗುರುತಿನ ಚಿತ್ರ ಒತ್ತಿದರೆ ಮೆಸೇಜ್ ಕಳಿಸುವ ಜಾಗ ತೆರೆಯುತ್ತದೆ ಅಂದರೆ, ‘ಹಸಿರು ಫೋನ್’ ಅನ್ನಬೇಡಿ. ‘ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಿ’ ಅನ್ನಿ. ಇನ್ನು ಅಂಚಿನಲ್ಲಿ ಸುಮ್ನೆ ಅಲಂಕಾರಕ್ಕೆ ಕಾಫಿ ಹೂವಿನ ಚಿತ್ರ ಹಾಕಿರುತ್ತಾರೆ. ಅದಕ್ಕೆ ಆಲ್ಟ್ ಜಾಗ ಇರಬೇಕು, ಆದರೆ ಖಾಲಿ ಇರಬೇಕು. ಖಾಲಿ ಇದ್ದರೆ ತಂತ್ರಾಂಶ ಆ ಚಿತ್ರವನ್ನು ಬಿಟ್ಟು ಮುಂದೆ ಹೋಗುತ್ತದೆ. ಆ ಜಾಗವೇ ಇಲ್ಲದಿದ್ದರೆ ಮತ್ತೆ ಫೈಲ್ ಹೆಸರು ಶುರುವಾಗಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಇದೆ. ಪುಟದ ಭಾಷೆ ಯಾವುದು ಅಂತ ಕೋಡಿನಲ್ಲಿ ಹೇಳಿರುತ್ತಾರೆ. ಅಲ್ಲಿ ಇಂಗ್ಲಿಷ್ ಅಂತಿದ್ದು ಆಲ್ಟ್ ಸಾಲು ಕನ್ನಡದಲ್ಲಿದ್ದರೆ, ಇಂಗ್ಲಿಷ್ ದನಿ ಅದನ್ನು ಓದಲು ಹೋಗಿ ತಡವರಿಸಬಹುದು, ಅಥವಾ ಅಕ್ಷರಗಳನ್ನೇ ನುಂಗಿಬಿಡಬಹುದು. ಸೈಟ್ ಮಾಡಿಕೊಟ್ಟವರಿಗೆ ‘ಭಾಷೆ ಕನ್ನಡ ಅಂತ ಹಾಕಿ’ ಎಂದು ಹೇಳಿ. ಕೋಡಿನಲ್ಲಿ ಅದು ಕೆ, ಎನ್ ಅನ್ನುವ ಎರಡೇ ಅಕ್ಷರ.

ನೋಡಬೇಕೆಂದರೆ, ನಿಮ್ಮದು ಆಂಡ್ರಾಯ್ಡ್ ಮೊಬೈಲಾದರೆ ಅದರಲ್ಲೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಟಾಕ್‌ಬ್ಯಾಕ್. ಆನ್ ಮಾಡಿದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತದೆ ಅಷ್ಟೇ. ತೆರೆಯಲು ಎರಡು ಸಲ ಬಡಿಯಬೇಕು. ಆಫ್ ಮಾಡುವಾಗಲೂ ಹಾಗೇ, ಮರೆತರೆ ಗಾಬರಿಯಾಗುತ್ತದೆ. ನಿಮ್ಮ ಪುಟ ತೆರೆದು ಕಣ್ಣು ಮುಚ್ಚಿ, ಬೆರಳನ್ನು ಬಲಕ್ಕೆ ಸರಿಸುತ್ತಾ ಹೋಗಿ. ಫೋಟೊ ಹತ್ತಿರ ಫೈಲ್ ಹೆಸರಿನ ಅಂಕಿಗಳು ಕೇಳಿಸಿದರೆ ಅಲ್ಲಿ ಸರಿಯಾದ ಸಾಲು ಬರೆದಿಲ್ಲ ಅಂತ ಅರ್ಥ.

ಹಳೇ ಫೋಟೊ ತೆಗೆದು ಹೊಸದು ಹಾಕುವಾಗಲೂ ಇದನ್ನು ಮಾಡಿ. ಎಷ್ಟೋ ಕಡೆ ಚಿತ್ರ ಬದಲಾದರೂ ಹಿಂದಿನ ಸಾಲು ಹಾಗೇ ಉಳಿದುಬಿಡುತ್ತದೆ. ಮೆಟ್ಟಿಲು ತೆಗೆದು ಇಳಿಜಾರು ಮಾಡಿಸಿ ವರ್ಷವಾಗಿದ್ದರೂ, ಪುಟ ಇನ್ನೂ ಮೂರು ಮೆಟ್ಟಿಲು ಎಂದೇ ಹೇಳುತ್ತಿರುತ್ತದೆ.

ನಮಸ್ಕಾರ.