ಕಿರಿ ಕಿರಿ ಅಂದ್ರೆ ಕಿರಿಕಿರಿ ಅಲ್ಲ

ಇದು ಜಪಾನಿನ ಒಸಾಕಾದಲ್ಲಿ ನಮ್ಮ ಮನೆ ಹಿಂದಿನ ಬೀದಿ. ಆ ಮೂಲೆಯಲ್ಲಿ ಕಾಣ್ತಿದೆಯಲ್ಲ, ಚಿಕ್ಕ ಕ್ಲಿನಿಕ್, ಕಳೆದ ಚಳಿಗಾಲದಲ್ಲಿ ಒಂದು ದಿನ ಹೊಟ್ಟೆ ಹಿಡ್ಕೊಂಡು ಅಲ್ಲಿಗೆ ಹೋಗಿದ್ದೆ. "ಒನಾಕಾ ಗಾ ಇತಾಯ್," ಹೊಟ್ಟೆ ನೋಯ್ತಿದೆ ಅಂದೆ. ಡಾಕ್ಟರ್ ತಕ್ಷಣ ಕೇಳಿದ್ದು ಎಷ್ಟು ದಿನದಿಂದ ಅಂತ ಅಲ್ಲ. "ಕಿರಿ ಕಿರಿನಾ, ಶಿಕು ಶಿಕುನಾ?"

ಕಿರಿಕಿರಿ ಅಂದ್ರೆ ನಮಗೆ ಗೊತ್ತೇ ಇದೆ ಅಲ್ವಾ. ಮೂರು ದಿನದಿಂದ ನೆಮ್ಮದಿ ಇರಲಿಲ್ಲ, ಹೌದು ಅಂತ ತಲೆಯಾಡಿಸಿದೆ. ಅವರ ಮುಖ ಗಂಭೀರವಾಯಿತು, ಹೊಟ್ಟೆ ಮೇಲೆ ಅಲ್ಲಲ್ಲಿ ಒತ್ತಿ ನೋಡೋಕೆ ಶುರು ಮಾಡಿದರು. ಒತ್ತಿದರೆ ನಾನು ಬೆಚ್ಚಿಬೀಳ್ತಾ ಇರಲಿಲ್ಲ. ಆಗ ಪಕ್ಕದಲ್ಲಿದ್ದ ನರ್ಸ್ ಬೆರಳನ್ನು ಹೊಟ್ಟೆಗೆ ಚುಚ್ಚಿ ಬೈರಿಗೆ ತಿರುಗಿಸಿದ ಹಾಗೆ ತಿರುಗಿಸಿ "ಕಿರಿ ಕಿರಿ" ಅಂದರು. ಆಮೇಲೆ ಅಂಗೈಯನ್ನು ಮೆಲ್ಲಗೆ ಹೊಟ್ಟೆ ಮೇಲಿಟ್ಟು "ಶಿಕು ಶಿಕು" ಅಂದರು. ನನ್ನದು ಎರಡನೆಯದು. ಜೋರಿಲ್ಲ, ಆದ್ರೆ ಬಿಡೋದೂ ಇಲ್ಲ, ಒಳಗೇ ಕೂತು ನೋಯುವ ನೋವು.

ಆವತ್ತಿಂದ ಈ ಪದಗಳು ನನ್ನ ತಲೆಯಲ್ಲಿ ಕೂತುಬಿಟ್ಟಿವೆ. ಮಗು ಕಣ್ಣು ಒರೆಸಿಕೊಳ್ಳುತ್ತಾ ಸಣ್ಣ ದನಿಯಲ್ಲಿ ಅತ್ತರೆ ಅದನ್ನೂ ಇಲ್ಲಿ ಶಿಕು ಶಿಕು ಅಂತಲೇ ಹೇಳುತ್ತಾರೆ. ಹೊಟ್ಟೆಯ ಆ ನೋವೂ ಹಾಗೇ ಅಲ್ವಾ, ಒಳಗೆ ಯಾರೋ ಮುಸುಮುಸು ಅಳ್ತಿರುವ ಹಾಗೆ. ಹಲ್ಲು ನಾಡಿಯ ಜೊತೆಜೊತೆಗೇ ಮಿಡಿದು ನೋಯುವುದು ಝುಕಿ ಝುಕಿ. ತಲೆಯೊಳಗೆ ಸುತ್ತಿಗೆ ಬಡಿದ ಹಾಗಾದರೆ ಗಾನ್ ಗಾನ್. ಸೂಜಿ ಚುಚ್ಚಿದ ಹಾಗಾದರೆ ಚಿಕು ಚಿಕು. ಡಾಕ್ಟರ್‌ಗೆ ಇವು ಮಕ್ಕಳ ಮಾತಲ್ಲ, ನೋವು ಯಾವ ಥರದ್ದು ಅಂತ ತಿಳಿಯುವ ಮೊದಲ ಸುಳಿವು.

ಇಷ್ಟೊಂದು ಯಾಕೆ ಬೇಕು? ಜಪಾನಿಯ ಇಂಥ ಪದಗಳಿಗಾಗಿಯೇ 2007ರಲ್ಲಿ ಬಂದ ಒಂದು ನಿಘಂಟಿನಲ್ಲಿ 4500 ಪದಗಳಿವೆ. ನನಗೆ ಕಾಣುವ ದೊಡ್ಡ ಕಾರಣ ಕ್ರಿಯಾಪದದಲ್ಲಿದೆ. 'ನಾಕು' ಅಂದ್ರೆ ಅಳು, ಅಷ್ಟೇ. ಹೇಗೆ ಅತ್ತರು ಅನ್ನೋದನ್ನು ಆ ಪದ ಹೇಳಲ್ಲ. ನಮಗಾದರೆ ಬಿಕ್ಕುವುದು, ಗೋಳಾಡುವುದು ಅಂತ ಬೇರೆ ಕ್ರಿಯಾಪದಗಳಿವೆ. ಇಲ್ಲಿ ದಿನದ ಮಾತಿನಲ್ಲಿ ಹೆಚ್ಚಾಗಿ ಒಂದೇ 'ನಾಕು' ಇಟ್ಟುಕೊಂಡು ಅದಕ್ಕೆ ಮೊದಲು ಶಿಕು ಶಿಕು ಅಂತಲೋ, ಬಾಯಿಬಿಟ್ಟು ಅತ್ತರೆ ವಾನ್ ವಾನ್ ಅಂತಲೋ ಸೇರಿಸುತ್ತಾರೆ. ನಡೆಯುವುದೂ ಹಾಗೇ: 'ಅರುಕು' ಒಂದೇ, ಮಗು ತಪ್ಪು ಹೆಜ್ಜೆ ಹಾಕಿದರೆ ಯೊಚಿ ಯೊಚಿ, ದೂರದ ದಾರಿಯನ್ನು ಒಂದೇ ಸಮ ನಡೆದರೆ ತೆಕು ತೆಕು. ಕ್ರಿಯಾಪದ ಹೊರಲಾರದ ಭಾರವನ್ನೆಲ್ಲ ಈ ಜೋಡಿಪದ ಹೊರುತ್ತದೆ. ಅದಕ್ಕೇ ಇದನ್ನು ತೆಗೆದರೆ ಮಾತು ಸಪ್ಪೆ ಆಗುವುದಷ್ಟೇ ಅಲ್ಲ, ವಿಷಯವೇ ಅರ್ಧ ಹೋಗುತ್ತದೆ. ಕಾನೂನು ಪತ್ರದಲ್ಲೋ ಗಂಭೀರ ವರದಿಯಲ್ಲೋ ಮಾತ್ರ ಇವು ಅಪರೂಪ.

ಕನ್ನಡದವರಿಗೆ ಒಂದು ಅನುಕೂಲ ಇದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಎದೆ ಢವಢವ ಅಂತ ಹೊಡ್ಕೊಳ್ತು ಅಂತೀವಿ. ಜಪಾನಿಯಲ್ಲೂ 'ದೊಕಿ ದೊಕಿ ತೊ'. ಆ 'ತೊ' ಇದೆಯಲ್ಲ, ಯಾರೋ "ಬರ್ತೀನಿ" ಅಂತ ಹೇಳಿದರು ಅನ್ನುವಾಗ ಬರುವ 'ಅಂತ' ಅನ್ನುವುದಕ್ಕೂ ಜಪಾನಿಯಲ್ಲಿ ಅದೇ 'ತೊ'! ಎರಡೂ ಭಾಷೆಯಲ್ಲಿ ಎದೆ ಏನೋ ಹೇಳ್ತಿದೆ. ಥಳಥಳ ಅನ್ನುವುದಕ್ಕೆ ಸದ್ದಿಲ್ಲ, ಆದರೂ ನಾವು ಥಳಥಳ ಅಂತ ಹೊಳೀತು ಅಂತೀವಿ. ಕಿರಾ ಕಿರಾ ಕೂಡ ಹಾಗೇ, ನಕ್ಷತ್ರ ಮಿನುಗುವುದು.

ಈಗ ಅದರ ಮೊದಲ ಕ-ವನ್ನು ಗ ಮಾಡಿ ನೋಡಿ. ಗಿರಾ ಗಿರಾ. ಅದು ನಕ್ಷತ್ರ ಅಲ್ಲ, ಆಗಸ್ಟ್ ತಿಂಗಳ ಮಧ್ಯಾಹ್ನ ಕಣ್ಣಿಗೆ ಹೊಡೆಯುವ ಬಿಸಿಲು. ಸಣ್ಣ ಕಾಯಿ ಉರುಳಿದರೆ ಕೊರೊ ಕೊರೊ, ಬಂಡೆ ಉರುಳಿದರೆ ಗೊರೊ ಗೊರೊ. ದನಿ ದಪ್ಪವಾದರೆ ವಸ್ತುವೂ ದಪ್ಪ, ಭಾರ, ಒರಟು. ಎಲ್ಲಾ ಕಡೆ ಹೀಗೇ ನಡೆಯಲ್ಲ, ಆದ್ರೆ ಗೊತ್ತಿಲ್ಲದ ಪದ ಕಿವಿಗೆ ಬಿದ್ದಾಗ ಅಂದಾಜು ಮಾಡೋಕೆ ಸಾಕು.

ಅಂದಾಜು ಕೈಕೊಡುವುದೂ ಇದೆ. ಪ್ರವಾಸದ ಹಿಂದಿನ ದಿನ ಖುಷಿಯಿಂದ ದೊಕಿ ದೊಕಿ ಅಂದೆ, ಗೆಳತಿ ಭಯ ಆಗ್ತಿದೆಯಾ ಅಂತ ಕೇಳಿದಳು. ದೊಕಿ ದೊಕಿ ಬರೀ ಎದೆಬಡಿತ, ಅದು ಪ್ರೀತಿಗೂ ಬರುತ್ತೆ, ಪರೀಕ್ಷೆಗೂ ಬರುತ್ತೆ. ಏನೋ ಒಳ್ಳೇದು ಬರ್ತಿದೆ ಅಂತ ಮನಸ್ಸು ಕುಣಿದರೆ ಹೇಳಬೇಕಾದ್ದು ವಾಕು ವಾಕು.

ಹೋದ ವಾರ ಗಾಳಿಗೆ ಕಣ್ಣಿಗೆ ಏನೋ ಬಿತ್ತು. ರೆಪ್ಪೆ ಮುಚ್ಚಿದರೆ ಒಳಗೆ ಕಲ್ಲು ಉರುಳಿದ ಹಾಗೆ. ಕಣ್ಣಿನ ಡಾಕ್ಟರ್ ಮುಂದೆ ಕೂತು ಒಂದೇ ಮಾತು ಹೇಳಿದೆ, "ಮೆ ಗಾ ಗೊರೊ ಗೊರೊ ಶಿಮಾಸು." ಅವರು ಮತ್ತೇನೂ ಕೇಳಲಿಲ್ಲ. ದೀಪ ಹತ್ತಿರ ಎಳೆದು ರೆಪ್ಪೆ ಎತ್ತಿದರು.