ಒಂದೇ ನದಿ, ಎರಡು ಯೋಜನಾ ಪುಸ್ತಕಗಳು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಜಿಲ್ಲಾ ಪಂಚಾಯತ್ತಿನ ಯೋಜನಾ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದವನು. ಅಲ್ಲಿದ್ದಾಗ ಒಮ್ಮೆ ನನ್ನ ಮೇಜಿಗೆ ‘ಜಿಲ್ಲಾ ಅಭಿವೃದ್ಧಿ ಯೋಜನೆಯ ಕರಡು’ ಎಂಬ ದಪ್ಪ ಕಡತವೊಂದು ಬಂದಿತ್ತು. ಪುಟ ತಿರುವುತ್ತ ನಡುವಿಗೆ ಬಂದಾಗ ಪುಟಸಂಖ್ಯೆ ಮತ್ತೆ 1ರಿಂದ ಆರಂಭವಾಗಿದ್ದನ್ನು ಕಂಡೆ. ಮೊದಲ ಅರ್ಧ ಪಂಚಾಯತ್‌ಗಳ ಕಾಮಗಾರಿ ಪಟ್ಟಿಯಾಗಿತ್ತು, ಉಳಿದರ್ಧ ನಗರ ಸಂಸ್ಥೆಗಳ ಕ್ರಿಯಾಯೋಜನೆಯಾಗಿತ್ತು. ಎರಡನ್ನೂ ಸೇರಿಸಿದ್ದು ದಾರ ಮಾತ್ರ. ಊರಿನೊಳಗಿನ ಒಂದು ರಸ್ತೆ ಎರಡೂ ಕಡೆ ಬಂದಿತ್ತು. ಒಂದರಲ್ಲಿ ಅದರ ಉದ್ದ ಒಂದು, ಇನ್ನೊಂದರಲ್ಲಿ ಬೇರೆ. ಅಂದು ನನಗೆ ನಗು ಬಂತು. ಆದರೆ ಜಿಲ್ಲಾ ಯೋಜನಾ ಸಮಿತಿ ಎಂಬ ಸಂಸ್ಥೆ ಹುಟ್ಟಿದ್ದೇ ಇಂತಹ ದಾರದ ಕೆಲಸವನ್ನು ತಪ್ಪಿಸುವುದಕ್ಕೆ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ 243ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ಯೋಜನಾ ಸಮಿತಿ ಇರಬೇಕು. ಪಂಚಾಯತ್‌ಗಳೂ ನಗರ ಸಂಸ್ಥೆಗಳೂ ತಯಾರಿಸಿದ ಯೋಜನೆಗಳನ್ನು ಅದು ಕ್ರೋಡೀಕರಿಸಬೇಕು. ಇಡೀ ಜಿಲ್ಲೆಗೆ ಒಂದು ಕರಡು ಅಭಿವೃದ್ಧಿ ಯೋಜನೆಯನ್ನು ರೂಪಿಸಬೇಕು. ಕ್ರೋಡೀಕರಣ ಮತ್ತು ಕರಡು ರಚನೆ ಎಂಬ ಈ ಎರಡು ಕೆಲಸಗಳನ್ನು ವಿಧಿ ಬೇರೆಬೇರೆಯಾಗಿಯೇ ಹೇಳಿದೆ. ಮೊದಲನೆಯದನ್ನು ಒಬ್ಬ ಗುಮಾಸ್ತ ಮಾಡಿ ಮುಗಿಸಬಹುದು; ಎರಡನೆಯದು ಅವನಿಂದಾಗುವುದಿಲ್ಲ. ಏಕೆಂದರೆ ಕರಡನ್ನು ರೂಪಿಸುವಾಗ ಹಳ್ಳಿಗೂ ಪೇಟೆಗೂ ಸಮಾನವಾಗಿ ಸಂಬಂಧಿಸಿದ ವಿಷಯಗಳನ್ನು, ಅಂದರೆ ಭೂಬಳಕೆ, ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆ, ಮೂಲಸೌಕರ್ಯ, ಪರಿಸರ ರಕ್ಷಣೆ, ಇವುಗಳನ್ನು ಸಮಿತಿ ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಅದೇ ವಿಧಿ ವಿಧಿಸುತ್ತದೆ. ಇವುಗಳಲ್ಲಿ ನೀರೊಂದನ್ನೇ ಹಿಡಿದುಕೊಂಡು, ನಮ್ಮ ಉಡುಪಿಯ ಸ್ವರ್ಣಾ ನದಿಯ ದಂಡೆಯಲ್ಲಿ ನಿಂತು ನೋಡೋಣ.

ಉಡುಪಿ ನಗರಸಭೆಯ ನಲ್ಲಿಗಳಿಗೆ ಬಹುಕಾಲದಿಂದ ನೀರು ಬರುತ್ತಿರುವುದು ಹಿರಿಯಡ್ಕದ ಸಮೀಪದ ಬಜೆ ಅಣೆಕಟ್ಟಿನಿಂದ. ಅಣೆಕಟ್ಟು ಪೇಟೆಯದು, ಆದರೆ ಅದು ಇರುವುದು ಹಳ್ಳಿಯಲ್ಲಿ. ಅದಕ್ಕಿಂತ ಮೇಲೆ, ಕಾರ್ಕಳದ ಕಡೆಗೆ ಹೋದಂತೆ, ನದಿಯ ಎರಡೂ ಬದಿಗೆ ಅಡಿಕೆ ತೋಟಗಳು, ತೋಟಕ್ಕೊಂದು ಪಂಪ್‌ಸೆಟ್ಟು, ತೋಡು ಹೊಳೆಗಳಿಗೆ ಅಡ್ಡಲಾಗಿ, ಮಳೆ ನಿಂತ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳು. ಮಳೆಗಾಲದಲ್ಲಿ ಯಾರಿಗೂ ಯಾರ ನೆನಪೂ ಆಗುವುದಿಲ್ಲ. ಏಪ್ರಿಲ್ ಕಳೆದು ಬಜೆಯಲ್ಲಿ ನೀರಿನ ಮಟ್ಟ ಇಳಿದಾಗ ಮಾತ್ರ ಮೇಲಿನ ಪಂಪ್‌ಸೆಟ್ಟುಗಳಿಗೆ ನಿರ್ಬಂಧ ಹೇರಬೇಕೆಂಬ ಮಾತು ಪೇಟೆಯಲ್ಲಿ ಏಳುತ್ತದೆ; ತೋಟ ಒಣಗಿಸಿ ಪೇಟೆಗೆ ಕುಡಿಸುವುದೇ ಎಂದು ಕೃಷಿಕರು ಕೇಳುತ್ತಾರೆ. 2019ರ ಮೇ ತಿಂಗಳಲ್ಲಿ ಬಜೆಯ ನೀರು ಬರಿದಾಗಿ, ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಹಚ್ಚಿ ಹಾಯಿಸಬೇಕಾಗಿ ಬಂದದ್ದನ್ನು ಉಡುಪಿಯವರು ಮರೆತಿರಲಾರರು.

ಈ ನದಿ ಯೋಜನಾ ಪುಸ್ತಕಗಳಲ್ಲಿ ಹೇಗೆ ಕಾಣಿಸುತ್ತದೆ? ಗ್ರಾಮ ಪಂಚಾಯತ್ತಿನ ಯೋಜನೆ ವಾರ್ಡ್ ಸಭೆಯಿಂದ ಗ್ರಾಮಸಭೆಗೆ ಬಂದು, ಅಲ್ಲಿ ಒಪ್ಪಿಗೆ ಪಡೆದು, ತಾಲೂಕು ಪಂಚಾಯತ್ತಿನ ಮೂಲಕ ಜಿಲ್ಲಾ ಪಂಚಾಯತ್ತಿಗೆ ಏರುತ್ತದೆ. ಅದರಲ್ಲಿ ಒಂದು ಕಿಂಡಿ ಅಣೆಕಟ್ಟಿನ ಬೇಡಿಕೆ, ಒಂದು ಕೊಳವೆಬಾವಿ, ಮನೆಮನೆಗೆ ನಲ್ಲಿ, ಇಷ್ಟು ಇರುತ್ತವೆ. ನಗರಸಭೆಯ ಕ್ರಿಯಾಯೋಜನೆಯ ದಾರಿ ಬೇರೆ. ಅದು ಕೌನ್ಸಿಲಿನಲ್ಲಿ ಅಂಗೀಕಾರವಾಗಿ ಜಿಲ್ಲಾಧಿಕಾರಿಗಳ ಕಚೇರಿಯ ನಗರಾಭಿವೃದ್ಧಿ ಕೋಶದತ್ತ ಸಾಗುತ್ತದೆ. ಅದರಲ್ಲಿ ಹೊಸ ಪಂಪು, ಶುದ್ಧೀಕರಣ ಘಟಕ, ಕೊಳವೆ ಮಾರ್ಗ ಇರುತ್ತವೆ. ಎರಡರಲ್ಲೂ ನೀರಿದೆ, ಒಂದರಲ್ಲೂ ನದಿಯಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಮಾನದಂಡಗಳು ನಿಜವಾದವು, ಪಂಚಾಯತ್‌ಗಳ ಸಂಖ್ಯೆ, ಜನಸಂಖ್ಯೆ ಮತ್ತು ಎಕರೆಗಳು ಮಾತ್ರ ಉದಾಹರಣೆಗೆಂದು ನಾನು ಹಿಡಿದ ದುಂಡು ಅಂಕಿಗಳು. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ರೂಢಿಯ ಮಾನದಂಡ. ಒಂದೂಕಾಲು ಲಕ್ಷ ಜನರಿಗೆ ಅದು ದಿನಕ್ಕೆ ಸುಮಾರು 1 ಕೋಟಿ 70 ಲಕ್ಷ ಲೀಟರ್ ಆಗುತ್ತದೆ. ಜಲಜೀವನ್ ಮಿಷನ್ ಹಳ್ಳಿಯವರಿಗೆ ನಿಗದಿ ಮಾಡಿದ್ದು ತಲೆಗೆ 55 ಲೀಟರ್. ನದಿಬದಿಯ ಹತ್ತು ಪಂಚಾಯತ್‌ಗಳಲ್ಲಿ ತಲಾ ಆರು ಸಾವಿರ ಜನರೆಂದರೆ ಒಟ್ಟು 33 ಲಕ್ಷ ಲೀಟರ್. ಪೇಟೆಯವನ ಪಾಲು ಹಳ್ಳಿಯವನದಕ್ಕಿಂತ ಎರಡೂವರೆ ಪಟ್ಟು ಏಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ, ಆದರೆ ಅದನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಎರಡೂ ಪುಸ್ತಕಗಳನ್ನು ಕೂಡಿಸಿದರೆ ದಿನಕ್ಕೆ ಎರಡು ಕೋಟಿ ಲೀಟರ್ ಬಂತು, ದಾರದಿಂದ ಕಟ್ಟಿದ ಕರಡಿನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಆದರೆ ದಂಡೆಯ ಮೇಲೆ ಒಂದು ಸಾವಿರ ಎಕರೆ ಅಡಿಕೆ ಇದೆ ಎಂದಿಟ್ಟುಕೊಳ್ಳಿ. ಹನಿ ನೀರಾವರಿಯಲ್ಲಿ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ಸುಮಾರು 550 ಮರಗಳು. ಗುಣಿಸಿ ನೋಡಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕೋಟಿ ಲೀಟರ್. ಸ್ಪ್ರಿಂಕ್ಲರ್ ತಿರುಗಿಸುವ ತೋಟವಾದರೆ ಇನ್ನೂ ಹೆಚ್ಚು. ಈ ಮೂರನೆಯ ಕೋಟಿ ಯಾವ ಪುಸ್ತಕದಲ್ಲೂ ಇಲ್ಲ. ಏಕೆಂದರೆ ಪಂಪ್‌ಸೆಟ್ಟು ಕೃಷಿಕರ ಸ್ವಂತದ್ದು, ಅದು ಪಂಚಾಯತ್ತಿನ ಕಾಮಗಾರಿಯಲ್ಲ. ನಗರಸಭೆಗೆ ಅದರ ಸಂಬಂಧವೇ ಇಲ್ಲ. ಕಾಮಗಾರಿಗಳ ಪಟ್ಟಿಯನ್ನು ಎಷ್ಟು ಒಪ್ಪವಾಗಿ ಜೋಡಿಸಿದರೂ ಬಳಕೆಯ ಲೆಕ್ಕ ಅದರಿಂದ ಹೊರಡುವುದಿಲ್ಲ. ಯೋಜನಾ ಸಮಿತಿ ಪ್ರತ್ಯೇಕವಾಗಿ ಮಾಡಬೇಕಾದ ಕೆಲಸ ಇರುವುದು ಇಲ್ಲಿಯೇ. ಬೇಡಿಕೆಗಳನ್ನು ತಾಲೂಕುವಾರು ಜೋಡಿಸುವ ಬದಲು ನದಿಪಾತ್ರವಾರು ಜೋಡಿಸಬೇಕು. ತೋಟಗಾರಿಕೆ ಇಲಾಖೆಯಿಂದ ಎಕರೆಯ ಲೆಕ್ಕ, ಮೆಸ್ಕಾಂನಿಂದ ಪಂಪ್‌ಸೆಟ್ಟುಗಳ ಲೆಕ್ಕ, ಸಣ್ಣ ನೀರಾವರಿ ಇಲಾಖೆಯಿಂದ ಕಿಂಡಿ ಅಣೆಕಟ್ಟುಗಳ ಲೆಕ್ಕ ತರಿಸಬೇಕು. ಆಮೇಲೆ ಫೆಬ್ರವರಿಯಿಂದ ಮೇ ತನಕ ನದಿಯಲ್ಲಿ ಎಷ್ಟು ಹರಿಯುತ್ತದೆ, ಎಷ್ಟು ನಿಲ್ಲುತ್ತದೆ ಎಂಬುದರ ಎದುರು ಇದನ್ನೆಲ್ಲ ಇಡಬೇಕು.

ವಾರಾಹಿಯಿಂದ ಉಡುಪಿಗೆ ನೀರು ತರುವ ಕೊಳವೆ ಮಾರ್ಗದ ವಿಷಯದಲ್ಲೂ ಇದೇ ಬಿರುಕು ಕಂಡಿತು. ಕೊಳವೆ ನಗರದ ಯೋಜನೆಯದು, ಹಾದುಹೋಗುವುದು ಪಂಚಾಯತ್‌ಗಳ ನೆಲದಲ್ಲಿ. ನಮ್ಮೂರ ನೀರು ನಮಗೂ ಸಿಗಲಿ ಎಂದು ದಾರಿಯ ಹಳ್ಳಿಗಳು ಕೇಳಿದ್ದರಲ್ಲಿ ಅಚ್ಚರಿಯೇನಿದೆ? ಆ ಬೇಡಿಕೆಯನ್ನೂ ಕೊಳವೆಯ ನಕ್ಷೆಯನ್ನೂ ಒಂದೇ ಮೇಜಿನ ಮೇಲೆ, ಕೊಳವೆಯ ವ್ಯಾಸ ನಿರ್ಧಾರವಾಗುವ ಮೊದಲೇ, ಇಡಬೇಕಾದ ಜಾಗ ಯೋಜನಾ ಸಮಿತಿ.

ಆ ಮೇಜಿನ ಸುತ್ತ ಕೂರುವವರು ಯಾರು? ಸಮಿತಿಯ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನ, ಜಿಲ್ಲಾ ಪಂಚಾಯತ್ತಿನ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಆರಿಸಿದವರಾಗಿರಬೇಕು. ಗ್ರಾಮೀಣ ಮತ್ತು ನಗರ ಜನಸಂಖ್ಯೆಯ ಪ್ರಮಾಣದಲ್ಲಿ ಆ ಸ್ಥಾನಗಳು ಹಂಚಿಕೆಯಾಗಬೇಕು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ 11,77,361 ಜನರಲ್ಲಿ ನಗರವಾಸಿಗಳು ನೂರಕ್ಕೆ ಸುಮಾರು 28. ದಕ್ಷಿಣ ಕನ್ನಡದಲ್ಲಿ ಸುಮಾರು 48. ಸಮಿತಿ ಇಪ್ಪತ್ತು ಜನರದ್ದಾದರೆ ಚುನಾಯಿತ ಸ್ಥಾನಗಳು ಹದಿನಾರು. ಉಡುಪಿಯಲ್ಲಿ ಅವುಗಳಲ್ಲಿ ನಾಲ್ಕೋ ಐದೋ ಪೇಟೆಗೆ, ಮಂಗಳೂರಿನ ಜಿಲ್ಲೆಯಲ್ಲಿ ಎಂಟು. ಒಂದೇ ಕಾನೂನು, ಆದರೆ ಎರಡು ಜಿಲ್ಲೆಗಳಲ್ಲಿ ಚರ್ಚೆಯ ತೂಕವೇ ಬೇರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಐದು ಸಾವಿರಕ್ಕೆ ಕಡಿಮೆಯಿಲ್ಲದ ಜನ, ಬಹುಪಾಲು ಗಂಡಸರಿಗೆ ಬೇಸಾಯದ ಹೊರಗಿನ ದುಡಿಮೆ, ಒತ್ತಾದ ವಸತಿ, ಇಷ್ಟಿದ್ದರೆ ಜನಗಣತಿಯವರು ಆ ಊರನ್ನು ಪಟ್ಟಣವೆಂದು ಬರೆದುಕೊಳ್ಳುತ್ತಾರೆ. ಕರಾವಳಿಯಲ್ಲಿ ಇಂತಹ ಊರುಗಳು ಬಹಳ, ಆದರೆ ಅವುಗಳಲ್ಲಿ ಅನೇಕವನ್ನು ಆಳುವುದು ಗ್ರಾಮ ಪಂಚಾಯತ್ತೇ. ಆ ಜನರನ್ನು ನಗರದ ಲೆಕ್ಕಕ್ಕೆ ಹಾಕಿದರೆ, ತಮಗೆ ಎಂದೂ ಮತ ಹಾಕದವರ ಹೆಸರಿನಲ್ಲಿ ನಗರಸಭೆ, ಪುರಸಭೆಯ ಸದಸ್ಯರು ಸ್ಥಾನ ಪಡೆದಂತಾಗುತ್ತದೆ. ಸ್ಥಾನ ಹಂಚುವಾಗ ಯಾವ ಅಂಕಿ ಹಿಡಿದಿದ್ದಾರೆ ಎಂದು ಕೇಳುವವರು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಮೇಜೇ ಖಾಲಿಯಾಗುವುದೂ ಉಂಟು. ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ಜಿಲ್ಲಾ ಪಂಚಾಯತ್ ಸದಸ್ಯರೇ ಇಲ್ಲದಿದ್ದರೆ ಗ್ರಾಮೀಣ ಪಾಲಿನ ಸ್ಥಾನಗಳಿಗೆ ಆರಿಸುವವರೂ ಇಲ್ಲ, ಆರಿಸಲ್ಪಡುವವರೂ ಇಲ್ಲ. ಆಗ ಕರಡು ಸಿದ್ಧವಾದರೂ ಅದು ಅಧಿಕಾರಿಗಳ ಕಡತವಾಗುತ್ತದೆ. ಬಜೆಯ ಮೇಲಿನ ತೋಟದವನ ಮಾತು ಆಡುವವರು ಅಲ್ಲಿರುವುದಿಲ್ಲ.

ಸಮಿತಿಗೆ ಇರುವ ಅಧಿಕಾರದ ಮಿತಿಯನ್ನೂ ಹೇಳಬೇಕು. ಸಂವಿಧಾನದ ಪ್ರಕಾರ ಸಮಿತಿಯ ಅಧ್ಯಕ್ಷರು ಕರಡನ್ನು ರಾಜ್ಯ ಸರ್ಕಾರಕ್ಕೆ ಕಳುಹಿಸಬೇಕು, ಅಷ್ಟೆ. ಅದರಂತೆಯೇ ಹಣ ಬರಬೇಕೆಂಬ ಕಟ್ಟಳೆ ಆ ವಿಧಿಯಲ್ಲಿಲ್ಲ. ಹಣ ಇಲಾಖೆಗಳ ಕಾಲುವೆಗಳಲ್ಲಿ, ಯೋಜನೆವಾರು ಹರಿದು ಬರುತ್ತದೆ. ನಗರದ ಸುತ್ತಲಿನ ಪಂಚಾಯತ್‌ಗಳ ಭೂಬಳಕೆಯ ನಕ್ಷೆ ಬರೆಯುವ ನಗರಾಭಿವೃದ್ಧಿ ಪ್ರಾಧಿಕಾರ ಪಂಚಾಯತ್ತೂ ಅಲ್ಲ, ನಗರಸಭೆಯೂ ಅಲ್ಲ; ಆದ್ದರಿಂದ ಅದರ ಮಹಾಯೋಜನೆ ಈ ಕ್ರೋಡೀಕರಣದ ಹೊರಗೇ ಉಳಿದುಬಿಡುವ ಸಂಭವ ಹೆಚ್ಚು.

ಆದರೂ ಬೆಂಗಳೂರಿನ ಹಣಕ್ಕೆ ಕಾಯದೆ ಜಿಲ್ಲೆಯೊಳಗೇ ತೀರ್ಮಾನಿಸಬಹುದಾದ ಸಂಗತಿಗಳಿವೆ. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವ ದಿನವನ್ನೇ ತೆಗೆದುಕೊಳ್ಳಿ. ಮಳೆ ನಿಂತು ಹೊಳೆಯಲ್ಲಿ ಹರಿವು ಚೆನ್ನಾಗಿರುವಾಗಲೇ, ನವೆಂಬರಿನಿಂದ ಡಿಸೆಂಬರಿನ ಒಳಗೆ ಹಲಗೆ ಹಾಕಿದರೆ ಕಟ್ಟೆ ತುಂಬಿದ ಮೇಲೂ ನೀರು ಮೇಲಿನಿಂದ ಹರಿದು ಬಜೆ ಸೇರುತ್ತದೆ, ಸುತ್ತಲಿನ ಬಾವಿಗಳಲ್ಲೂ ನೀರು ಏರುತ್ತದೆ. ಹಲಗೆ ಸಿಗಲಿಲ್ಲ, ಗುತ್ತಿಗೆಯಾಗಲಿಲ್ಲ ಎಂದು ಜನವರಿಯ ಕೊನೆಗೆ ಹತ್ತಾರು ಕಟ್ಟೆಗಳನ್ನು ಒಟ್ಟಿಗೆ ಮುಚ್ಚಿದರೆ, ಅವು ತುಂಬುವ ತನಕ ಕೆಳಗಿನ ನದಿ ಬಹುಪಾಲು ನಿಂತೇ ಹೋಗುತ್ತದೆ. ಯಾವ ಕಟ್ಟೆಗೆ ಯಾವ ವಾರ ಹಲಗೆ, ಅದನ್ನು ಹಾಕಿಸುವವರು ಯಾರು, ಆ ವಾರ ಬಜೆಯಲ್ಲಿ ಮಟ್ಟ ಎಷ್ಟಿರಬೇಕು ಎಂದು ಬರೆದ ಒಂದು ಪುಟ ಜಿಲ್ಲಾ ಯೋಜನೆಯಲ್ಲಿ ಇದ್ದರೆ, ಆ ಪುಟ ಪಂಚಾಯತ್ತಿನದ್ದೋ ನಗರಸಭೆಯದ್ದೋ ಎಂದು ಹೇಳಲು ಯಾರಿಗೂ ಬರುವುದಿಲ್ಲ.

ನಮಸ್ಕಾರ.