ರಿಫ್ರೆಶ್ ಲೆಕ್ಕ ಬೇರೆ, ರೀಡಿಂಗ್ ಲೆಕ್ಕ ಬೇರೆ

ನಮಸ್ಕಾರ. ಸಾರ್ವಜನಿಕ ಸೆನ್ಸರ್‌ಗಳ ಫೀಡ್ ತೆಗೆದುಕೊಂಡು ಗಾಳಿ ಗುಣಮಟ್ಟದ ಡ್ಯಾಶ್‌ಬೋರ್ಡ್ ಕಟ್ಟುವವರಲ್ಲಿ ಎಷ್ಟೋ ಜನ ಮೀಡಿಯನ್ ಫಿಲ್ಟರ್ ಹಾಕ್ತಾರೆ. ನಾನೂ ಹಾಕಿದ್ದೆ. ಕೊನೆಯ ಐದು ರೀಡಿಂಗ್ ಇಟ್ಟುಕೊಳ್ಳುವುದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದು, ನಡುವಿನದನ್ನು ತೋರಿಸುವುದು. ಪಿಎಂ 2.5 ಮೌಲ್ಯ 18, 19, 340, 20, 21 ಅಂತ ಬಂತು ಅನ್ನಿ. ಸರಾಸರಿ ತೆಗೆದರೆ 84ರ ಆಸುಪಾಸು. ಮೀಡಿಯನ್ ಮಾತ್ರ 20. ಆ 340 ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೂ ನನ್ನ ಬೋರ್ಡ್ ಆಗಾಗ ಒಂದೆರಡು ನಿಮಿಷ ಕೆಂಪಾಗಿ, ಮತ್ತೆ ಹಸಿರಾಗುತ್ತಿತ್ತು. ಫಿಲ್ಟರ್ ಕೋಡ್ ಎಷ್ಟು ಸಲ ಓದಿದರೂ ತಪ್ಪು ಸಿಗಲಿಲ್ಲ. ತಪ್ಪು ಇದ್ದದ್ದು ರಿಫ್ರೆಶ್‌ನಲ್ಲಿ. ನನ್ನ ಪುಟ 30 ಸೆಕೆಂಡಿಗೊಮ್ಮೆ ಫೀಡ್ ತರುತ್ತಿತ್ತು. ಸೆನ್ಸರ್ ಹೊಸ ರೀಡಿಂಗ್ ಕಳಿಸುತ್ತಿದ್ದದ್ದು ಎರಡು ನಿಮಿಷಕ್ಕೊಮ್ಮೆ. ಅಂದರೆ ಒಂದೇ 340 ನಾಲ್ಕು ಸಲ ಬರುತ್ತಿತ್ತು! ಮೂರನೇ ಸಲಕ್ಕೇ ಪಟ್ಟಿ 20, 20, 340, 340, 340. ಮೀಡಿಯನ್ 340. ಫಿಲ್ಟರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಒಬ್ಬನೇ ಸಾಕ್ಷಿಯನ್ನು ಮೂರು ಸಲ ಕರೆತಂದು ಮೂರು ಜನ ಅಂತ ಎಣಿಸಿದ್ದು ನಾನು.

ಹಾಗಾಗಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಎಣಿಸಬೇಕಾದದ್ದು ರೀಡಿಂಗ್, ರಿಫ್ರೆಶ್ ಅಲ್ಲ. ಪರ್ಪಲ್‌ಏರ್ ಅನ್ನುವ ಸೆನ್ಸರ್ ಕಂಪನಿಯ ಫೀಡ್‌ನಲ್ಲಿ `last_seen` ಅನ್ನುವ ಫೀಲ್ಡ್ ಇದೆ. ಆ ಸೆನ್ಸರ್‌ನಿಂದ ಕೊನೆಯದಾಗಿ ಡೇಟಾ ಬಂದ ಸಮಯ ಅದು. ಅದು ಬದಲಾಗಿದ್ದರೆ ಮಾತ್ರ ರೀಡಿಂಗ್ ಪಟ್ಟಿಗೆ ಸೇರಬೇಕು.

```python
if not window or r["last_seen"] > window[-1]["last_seen"]:
    window.append(r)
```

ಇದರಿಂದ ಇನ್ನೊಂದು ಉಪಕಾರವೂ ಇದೆ. ಸತ್ತು ಮಲಗಿದ ಸೆನ್ಸರ್‌ನ ಹಳೇ ಮೌಲ್ಯವನ್ನು ಫೀಡ್ ಹಾಗೇ ಕೊಡುತ್ತಾ ಇರಬಹುದು. ನೋಡುವುದಕ್ಕೆ ಚೆಂದ, ಒಂದಿಷ್ಟೂ ಏರಿಳಿತ ಇಲ್ಲ. ಸಮಯ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಅರ್ಧ ಗಂಟೆ ಸುದ್ದಿ ಇಲ್ಲದ ಸೆನ್ಸರನ್ನು ನಾನು ನಕ್ಷೆಯಲ್ಲಿ ಬೂದು ಮಾಡಿಬಿಡುತ್ತೇನೆ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ. ಮೀಡಿಯನ್ ಸಾಲದು ಅಂತ ಕೆಲವರು ಇನ್ನೊಂದು ನಿಯಮ ಸೇರಿಸುತ್ತಾರೆ. ಕೊನೆಯದಾಗಿ ಒಪ್ಪಿಕೊಂಡ ಮೌಲ್ಯಕ್ಕಿಂತ 50 ಜಾಸ್ತಿ ಹಾರಿದರೆ ಬಿಸಾಕು ಅಂತ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಹತ್ತಿರ ಎಲ್ಲೋ ದೊಡ್ಡ ಬೆಂಕಿ ಬಿತ್ತು ಅಂದುಕೊಳ್ಳಿ. ರೀಡಿಂಗ್ 18, 22, 190, 205, 198. 190 ಹೊರಗೆ ಹೋಯಿತು. 205 ಬಂದಾಗಲೂ ಹೋಲಿಕೆ ಅದೇ 22ರ ಜೊತೆ. ಅದೂ ಹೊರಗೆ. 198 ಕೂಡ. ಹೊಗೆ ತಿಳಿಯಾಗುವ ತನಕ ಬೋರ್ಡ್ 22 ಅಂತಲೇ ಹಸಿರು ತೋರಿಸುತ್ತದೆ. ಕಿಟಕಿ ಮುಚ್ಚಬೇಕೋ ಬೇಡವೋ ಅಂತ ಅದನ್ನು ನಂಬಿ ಕೂತವರ ಗತಿ ಏನು? ಒಂದು ಸುಳ್ಳು ಕೆಂಪಿಗಿಂತ ಈ ಸುಳ್ಳು ಹಸಿರು ಎಷ್ಟೋ ಕೆಟ್ಟದ್ದು.

ಅದೇ ಸಂಖ್ಯೆಗಳಿಗೆ ಐದರ ಮೀಡಿಯನ್ ಒಂದೇ ಇದ್ದರೆ, 198 ಬಂದ ಕೂಡಲೇ ಬೋರ್ಡ್ 190ಕ್ಕೆ ಏರುತ್ತದೆ. ಹೊಗೆ ಮೊದಲು ಕಂಡ ನಾಲ್ಕು ನಿಮಿಷಕ್ಕೆ. ಅಷ್ಟು ತಡ ನಾನು ಒಪ್ಪುತ್ತೇನೆ. ಗೆರೆ ಇನ್ನೂ ನುಣುಪಾಗಲಿ ಅಂತ ಸುಮ್ನೆ 30 ರೀಡಿಂಗ್ ಇಟ್ಟರೆ ಅದೇ ತಡ ಅರ್ಧ ಗಂಟೆ ಆಗುತ್ತದೆ.

ಹಾಗಾದರೆ ಕೆಟ್ಟ ಸೆನ್ಸರ್ ಹಿಡಿಯುವುದು ಹೇಗೆ? ಮೌಲ್ಯ ಎಷ್ಟು ದೊಡ್ಡದು ಅಂತ ನೋಡಿ ಅಲ್ಲ. ಪರ್ಪಲ್‌ಏರ್‌ನ ಹೊರಾಂಗಣ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಲೇಸರ್ ಕೌಂಟರ್ ಇರುತ್ತವೆ, ಎ ಮತ್ತು ಬಿ ಚಾನೆಲ್ ಅಂತ. ಎ 340, ಬಿ 20 ಅಂದರೆ ಯಾವುದೋ ಒಂದು ಕೆಟ್ಟಿದೆ, ಒಳಗೆ ಧೂಳೋ ಜೇಡವೋ ಸೇರಿಕೊಂಡಿರಬಹುದು. ಎರಡೂ ಒಪ್ಪುವ ತನಕ ಆ ಸೆನ್ಸರ್ ಲೆಕ್ಕಕ್ಕಿಲ್ಲ. ಎ 340, ಬಿ 332 ಅಂದರೆ ಆ ಕ್ಷಣ ಅಲ್ಲಿ ನಿಜಕ್ಕೂ ಕಣಗಳಿದ್ದವು. ಒಂದು ಎಚ್ಚರಿಕೆ: ಬರೀ ಶೇಕಡಾ ವ್ಯತ್ಯಾಸ ನೋಡಬೇಡಿ. ಗಾಳಿ ಶುಭ್ರವಾಗಿರುವಾಗ ಎ 2, ಬಿ 5 ಬರುವುದು ಮಾಮೂಲು. ಶೇಕಡಾವಾರು ಭಾರಿ ವ್ಯತ್ಯಾಸ, ಆದರೆ ಇರುವುದು ಬರೀ 3 ಮೈಕ್ರೊಗ್ರಾಂ. ಅದಕ್ಕೇ ನಾನು ವ್ಯತ್ಯಾಸ 5 ಮೈಕ್ರೊಗ್ರಾಂ ದಾಟಿರಬೇಕು, ಜೊತೆಗೆ ಶೇಕಡಾ 70 ಕೂಡ ದಾಟಿರಬೇಕು ಅಂತ ಇಟ್ಟಿದ್ದೇನೆ. ತೇವ ಜಾಸ್ತಿ ಇದ್ದಾಗ ಎರಡೂ ಚಾನೆಲ್ ಒಟ್ಟಿಗೇ ಹೆಚ್ಚು ತೋರಿಸುತ್ತವೆ. ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ, ಅದಕ್ಕೆ ತೇವಾಂಶದ ತಿದ್ದುಪಡಿ ಬೇರೆಯೇ ಬೇಕು.

ಇನ್ನು ಆ ನಾಲ್ಕು ನಿಮಿಷ. ಎರಡೂ ಚಾನೆಲ್ ಒಪ್ಪಿದ ಏರಿಕೆ ಬಂದು, ಮೀಡಿಯನ್ ಇನ್ನೂ ಏರದಿದ್ದರೆ, ನನ್ನ ಬೋರ್ಡ್ ಹಳೇ ಸಂಖ್ಯೆಯ ಪಕ್ಕದಲ್ಲಿ 'ಏರುತ್ತಿದೆ, ಖಾತ್ರಿಯಾಗಿಲ್ಲ' ಅಂತ ಬರೆಯುತ್ತದೆ. ತಡೆಹಿಡಿದ ರೀಡಿಂಗನ್ನೂ ಅದರ ಸಮಯವನ್ನೂ ಅಲ್ಲೇ ಕೆಳಗೆ ತೋರಿಸುತ್ತದೆ.